ನಾಲ್ಕು ದಿನದ ಮಗು ಹಳದಿಯಾಗಿ, ಸುಮ್ಮನೆ ಮಲಗ್ತಿದ್ದರೆ

ಪ್ರಶ್ನೆ: "ನಿನ್ನೆ ಡಿಸ್ಚಾರ್ಜ್ ಆಗಿ ತವರಿಗೆ ಬಂದೀನಿ. ಮಗಳಿಗೆ ನಾಲ್ಕು ದಿನ. ಮುಖ, ಎದಿ ಹಳದಿ ಕಾಣ್ತಾವ. ಅತ್ತು ಕಾಡೋದಿಲ್ಲ, ನಾಲ್ಕೈದು ತಾಸು ಮಲಗ್ತಾಳ. ಮುಂಜಾನೆ ಬಿಸಿಲಿಗೆ ಎಷ್ಟು ಹೊತ್ತು ಹಿಡೀಬೇಕು?"

ತಂಗಿ, ಬಿಸಿಲಿನ ಲೆಕ್ಕ ಬಿಡ್ರಿ. ಇವತ್ತೇ ಮಗಳನ್ನು ಮಕ್ಕಳ ಡಾಕ್ಟರಿಗೆ ತೋರಿಸ್ರಿ. ನನ್ನ ಕಣ್ಣು ನಿಂತದ್ದು ಆ "ನಾಲ್ಕೈದು ತಾಸು ಮಲಗ್ತಾಳ" ಅನ್ನೋ ಮಾತಿನ ಮೇಲೆ.

ನನ್ನ ಮಗನೂ ಹೀಗೇ ಮಲಗಿದ್ದ. ಹುಬ್ಬಳ್ಳಿಯಲ್ಲಿ ಹೆರಿಗೆಯಾಯಿತು, 36 ವಾರಕ್ಕೇ ಹುಟ್ಟಿದ, ತೂಕ 2.6 ಕೆಜಿ. ಮೂರನೇ ದಿನ ಡಿಸ್ಚಾರ್ಜ್ ಮಾಡುವಾಗ ಚೀಟಿಯಲ್ಲಿ ಎರಡು ದಿನ ಬಿಟ್ಟು ಕರೆತರಬೇಕು ಅಂತ ಬರೆದಿತ್ತು. ಹಾವೇರಿ ಕಡೆ ನಮ್ಮ ತವರಿಗೆ ಬಂದೆವು. ಕರೆದೊಯ್ಯಬೇಕಾದ ದಿನವೇ, ಹುಟ್ಟಿದ ಐದನೇ ದಿನದ ಶಾಸ್ತ್ರ ಐದೇಶಿ ಬಂತು. "ಐದೇಶಿ ದಿನ ಕೂಸನ್ನ ಹೊರಗ ಒಯ್ಯಬಾರದು, ನಾಳೆ ನೋಡೋಣ" ಅಂದರು ಹಿರಿಯರು. ಮಗ ಅಳ್ತಿರಲಿಲ್ಲ, ಹಾಗಾಗಿ ಯಾರಿಗೂ ಗಾಬರಿಯಾಗಲಿಲ್ಲ. ಮುಂಜಾನೆ ಕಟ್ಟೆ ಮೇಲೆ ಅರಿವೆ ಸುತ್ತಿಕೊಂಡೇ ಬಿಸಿಲಿಗೆ ಹಿಡಿದೆವು. ಹಾಲು ಸಾಲವಲ್ದು ಅಂತ ನಡುನಡುವೆ ಚಮಚದಲ್ಲಿ ಸಕ್ಕರೆ ನೀರು ಕುಡಿಸಿದೆವು.

ಆ ಸಕ್ಕರೆ ನೀರೇ ನಮಗೆ ದುಬಾರಿಯಾಯಿತು. ಕೂಸಿನ ಹಳೇ ರಕ್ತಕಣಗಳು ಒಡೆದಾಗ ಬಿಲಿರುಬಿನ್ ಅನ್ನೋ ಹಳದಿ ಅಂಶ ಬರ್ತದೆ. ಅದನ್ನು ಲಿವರ್ ಕರುಳಿಗೆ ಬಿಡ್ತದೆ, ಕರುಳಿನಿಂದ ಅದು ಕಕ್ಕಸಿನಲ್ಲಿ ಹೊರಗೆ ಹೋಗಬೇಕು. ಮೊದಲ ದಿನಗಳ ಕರಿ ಕಕ್ಕಸಿನಲ್ಲಿ ಅದು ಬಹಳ ಇರ್ತದೆ. ಹಾಲು ಕಡಿಮೆ ಬಿದ್ದರೆ ಕಕ್ಕಸು ಕರುಳಲ್ಲೇ ನಿಲ್ತದೆ, ಬಿಲಿರುಬಿನ್ ತಿರುಗಿ ರಕ್ತಕ್ಕೆ ಸೇರ್ತದೆ. ಅದು ಏರಿದಂತೆ ಕೂಸಿಗೆ ಮಂಪರು ಬರ್ತದೆ. ಮಂಪರು ಬಂದ ಕೂಸು ಮೊಲೆ ಚೀಪೋದಿಲ್ಲ, ಹಾಲು ಇನ್ನೂ ಕಡಿಮೆಯಾಗ್ತದೆ. ಸಕ್ಕರೆ ನೀರಿನಿಂದ ಹೊಟ್ಟೆ ತುಂಬ್ತದೆ, ಕಕ್ಕಸು ಮಾತ್ರ ಆಗೋದಿಲ್ಲ. ಕೂಸು ಚೀಪದಿದ್ದರೆ ನಿಮ್ಮ ಎದೆಹಾಲೂ ಹೆಚ್ಚೋದಿಲ್ಲ. ನಮ್ಮ ಮನೆಯಲ್ಲಿ ಇದೇ ಸುತ್ತು ನಡೆದಿತ್ತು, ನಾವು ಅದಕ್ಕೆ "ಶಾಂತ ಕೂಸು" ಅಂದುಕೊಂಡಿದ್ದೆವು.

ಐದೇಶಿಯ ಮರುದಿನ ಸಂಜೆ ಊರಿನ ಆಶಾ ಅಕ್ಕ ಬಂದಳು. ನನ್ನ ತಾಯಿ ಕಾರ್ಡ್ ಗಂಡನ ಊರಿಂದು, ಹಾಗಾಗಿ ತವರಿನ ಆಶಾಗೆ ನಾನು ಬಂದದ್ದೇ ಗೊತ್ತಿರಲಿಲ್ಲ. ನೀವೂ ತವರಿಗೆ ಬಂದೀರಿ ಅಂದ ಮೇಲೆ ಅಲ್ಲಿನ ಆಶಾಗೆ ಇವತ್ತೇ ಹೇಳಿ ಕಳಿಸ್ರಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೇ ಬಂದು ನೋಡೋದು ಅವರ ಕೆಲಸ.

ಆಕೆ ಕೂಸನ್ನು ಕಿಟಕಿ ಬೆಳಕಿಗೆ ತಂದು, ಅರಿವೆ ಎಲ್ಲ ಬಿಚ್ಚಿದಳು. ಹಣೆ ಮೇಲೆ ಬೆರಳಿಂದ ಒತ್ತಿ ತೆಗೆದಳು. ಒತ್ತಿದ ಜಾಗ ಬಿಳಿಚಿಕೊಳ್ಳಬೇಕಾದಲ್ಲಿ ಹಳದಿ ಕಂಡಿತು. ಹಾಗೇ ಎದೆ, ಹೊಟ್ಟೆ, ತೊಡೆ, ಕೊನೆಗೆ ಅಂಗಾಲು. ಅಂಗಾಲಲ್ಲೂ ಹಳದಿ! ಜೋಳಿಗೆ ತಕ್ಕಡಿಯಲ್ಲಿ ತೂಗಿದರೆ 2.25 ಕೆಜಿ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯೋದು ಸಹಜ, ಆದರೆ ನೂರಕ್ಕೆ ಹತ್ತರ ಮೇಲೆ ಇಳಿಯಬಾರದು. ಇವನದು ಹದಿಮೂರು ದಾಟಿತ್ತು. "ಉಚ್ಚಿ ಎಷ್ಟ ಸಲ ಹೊಯ್ದಾನು?" ಅಂದಳು. ಲೆಕ್ಕ ಇಟ್ಟವರು ಯಾರೂ ಇರಲಿಲ್ಲ. ಆಕೆಯೇ 108ಕ್ಕೆ ಫೋನ್ ಮಾಡಿದಳು.

ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ರಕ್ತ ನೋಡಿದಾಗ ಬಿಲಿರುಬಿನ್ 21 ಇತ್ತು. ನೀಲಿ ದೀಪದ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿ, ಲಂಗೋಟಿಯಲ್ಲಷ್ಟೇ ಮಲಗಿಸಿದರು. ಆ ದೀಪದ ಬೆಳಕು ಚರ್ಮದೊಳಗಿನ ಬಿಲಿರುಬಿನ್‌ನ ರೂಪ ಬದಲಿಸ್ತದೆ, ಆಗ ಅದು ಸುಲಭವಾಗಿ ಹೊರಗೆ ಹೋಗ್ತದೆ. ಬರಿ ಮೈಮೇಲೆ, ತಾಸುಗಟ್ಟಲೆ, ಅಳತೆಯ ಬೆಳಕು ಬೀಳಬೇಕು. ಅರಿವೆ ಸುತ್ತಿದ ಕೂಸಿಗೆ ಹತ್ತು ನಿಮಿಷದ ಬಿಸಿಲು ಆ ಕೆಲಸ ಮಾಡೋದಿಲ್ಲ. ಬರಿಮೈಯಲ್ಲಿ ಹೊರಗಿಟ್ಟರೆ ಕೂಸಿಗೆ ಥಂಡಿ ಹತ್ತಬಹುದು, ಚರ್ಮ ಸುಡಬಹುದು. ಇನ್ನೂ ಏರಿದರೆ ಇರಲಿ ಅಂತ ರಕ್ತ ಬದಲಿಸೋ ತಯಾರಿಯೂ ನಡೆದಿತ್ತು. ಅದರ ಅಗತ್ಯ ಬೀಳಲಿಲ್ಲ. ಆದರೆ ಬಿಲಿರುಬಿನ್ ವಿಪರೀತ ಏರಿದರೆ ಮಿದುಳಿಗೆ, ಕಿವಿಗೆ ಪೆಟ್ಟು ಬೀಳ್ತದೆ. ಅದಕ್ಕೇ ಬಿಡುವಾಗ ಕಿವಿಯ ಬೇರಾ ಪರೀಕ್ಷೆ ಮಾಡಿಸಬೇಕು ಅಂದರು. ಅದರ ಫಲಿತಾಂಶ ಸರಿ ಬರೋ ತನಕ ತಟ್ಟೆ ಬಿದ್ದ ಸಪ್ಪಳಕ್ಕೆ ಮಗ ಬೆಚ್ಚುತ್ತಾನೋ ಇಲ್ಲವೋ ಅಂತ ನೋಡೋದೇ ನನ್ನ ಕೆಲಸವಾಗಿತ್ತು.

ಈಗ ನಿಮ್ಮ ಮಗಳ ವಿಷಯ. ಆಸ್ಪತ್ರೆಗೆ ಹೊರಡೋ ಮೊದಲು ಎಬ್ಬಿಸಿ ಹಾಲು ಕುಡಿಸ್ರಿ. ಅರಿವೆ ಬಿಚ್ಚಿ, ಅಂಗಾಲು ತಿಕ್ಕಿ, ನಿಮ್ಮ ಎದೆಗೆ ಬರಿಮೈ ತಾಗಿಸಿ ಹಿಡಿದರೆ ಬಹಳ ಕೂಸು ಎಚ್ಚರಾಗ್ತಾವೆ. ಚೀಪದಿದ್ದರೆ ಹಾಲು ಹಿಂಡಿ ಒಳಲೆ ಅಥವಾ ಚಮಚದಿಂದ ಹಾಕ್ರಿ. ಎಬ್ಬಿಸಿದರೂ ಏಳದಿದ್ದರೆ, ಮೈ ಜೋತುಬಿದ್ದರೆ ಅಥವಾ ಬಿಲ್ಲಿನಂತೆ ಬಿಗಿದರೆ, ಸಣ್ಣ ಕರ್ಕಶ ದನಿಯಲ್ಲಿ ಅತ್ತರೆ, ಜ್ವರ ಬಂದರೆ ಅಥವಾ ಅಂಗೈ ಅಂಗಾಲು ಹಳದಿಯಾಗಿದ್ದರೆ ಹಾಲಿಗೂ ಕಾಯಬ್ಯಾಡ್ರಿ, 108 ಕರೀರಿ. ಡಾಕ್ಟರ್ ನೋಡಿದ ಮೇಲೂ ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಹಾಲು ಬೀಳಬೇಕು, ಎರಡು ಮೂರು ತಾಸಿಗಿಂತ ಹೆಚ್ಚು ಮಲಗಲು ಬಿಡಬಾರದು. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ಕಕ್ಕಸು ಕರಿ ಹೋಗಿ ಹಳದಿಗೆ ತಿರುಗಿದರೆ ಹಾಲು ಸಾಲ್ತಿದೆ ಅಂತ ತಿಳೀರಿ.

ಡಾಕ್ಟರಿಗೆ ಹುಟ್ಟಿದ ದಿನ ಮಾತ್ರ ಹೇಳಬ್ಯಾಡ್ರಿ, ತಾಸು ಸಮೇತ ಹೇಳ್ರಿ. ಬಿಲಿರುಬಿನ್ 14 ಅನ್ನೋದು ಮೊದಲ ದಿನ ಬಹಳ ದೊಡ್ಡದು, ತುಂಬು ತಿಂಗಳ ಕೂಸಿಗೆ ಐದನೇ ದಿನ ಅಷ್ಟಲ್ಲ. ಎಷ್ಟು ವಾರಕ್ಕೆ ಹುಟ್ಟಿದಳು, ನಿಮ್ಮ ರಕ್ತದ ಗುಂಪು ಓ ಅಥವಾ ನೆಗೆಟಿವ್ ಇದೆಯೋ ಅನ್ನೋದನ್ನೂ ಹೇಳ್ರಿ. ಹುಟ್ಟಿದ 24 ತಾಸಿನೊಳಗೇ ಹಳದಿ ಕಂಡಿದ್ದರೆ ಅದನ್ನು ಮೊದಲು ಹೇಳ್ರಿ, ಅದು ಎಂದೂ ಸಹಜವಲ್ಲ.

ಈ ಹಳದಿಗೆ, ಅಂದರೆ ಕಾಮಣಿಗೆ, ಬರೆ ಹಾಕಿಸೋಣ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸ್ರಿ. ಕೂಸಿನ ಅರಿವೆಯಲ್ಲಿ ಡಾಂಬರ್ ಗುಳಿಗೆ ಇಟ್ಟಿದ್ದರೆ ತೆಗೀರಿ, ಕೆಲವು ಕೂಸುಗಳಲ್ಲಿ ಅದರ ಘಾಟು ರಕ್ತಕಣ ಒಡೆದು ಹಳದಿ ಏರಿಸ್ತದೆ. ಹೊಕ್ಕಳಿಗೆ ಎಣ್ಣೆ, ಅರಿಶಿಣ, ಬೂದಿ ಏನೂ ಬ್ಯಾಡ. ಒಣಗಿರಲಿ, ಲಂಗೋಟಿ ಅದರ ಕೆಳಗೆ ಮಡಚಿರಲಿ, ತಾನೇ ಉದುರ್ತದೆ. ಸುತ್ತಲೂ ಕೆಂಪಾಗಿ ಕೀವು, ವಾಸನೆ ಬಂದರೆ ಅದು ನಂಜು. ನಂಜಿನಿಂದಲೂ ಕಾಮಣಿ ಏರ್ತದೆ.

ಲಸಿಕೆಗೆ ಸಹಜ ಕಾಮಣಿ ಅಡ್ಡಿಯಲ್ಲ. ಬಿಸಿಜಿ, ಹುಟ್ಟಿದಾಗಿನ ಪೋಲಿಯೋ ಹನಿ, ಹೆಪಟೈಟಿಸ್ ಬಿ, ಈ ಮೂರೂ ಕಾರ್ಡಿನಲ್ಲಿ ಬರೆದಾವೋ ನೋಡ್ರಿ, ಬಿಟ್ಟಿದ್ದರೆ ಇವತ್ತು ಹೋದಾಗಲೇ ಕೇಳ್ರಿ. ಮುಂದಿನವು ಆರು ವಾರಕ್ಕೆ.

ಇನ್ನೊಂದು. ಎರಡು ವಾರ ದಾಟಿದರೂ ಹಳದಿ ಉಳಿದರೆ ಕಕ್ಕಸಿನ ಬಣ್ಣ ನೋಡ್ರಿ. ಅದು ಬಿಳಿಚಿದ್ದರೆ, ಉಚ್ಚೆ ಅರಿವೆಗೆ ಹಳದಿ ಕಲೆ ಹಚ್ಚಿದರೆ ಪಿತ್ತನಾಳದ ತೊಂದರೆ ಇರಬಹುದು. ಅದರ ಆಪರೇಷನ್ ತಡವಾದಷ್ಟೂ ಫಲ ಕಡಿಮೆ. ಅಂಥ ಲಂಗೋಟಿಯನ್ನು ಒಗೀಬ್ಯಾಡ್ರಿ, ಹಾಗೇ ಒಯ್ದು ಡಾಕ್ಟರಿಗೆ ತೋರಿಸ್ರಿ.