ರೆಸ್ಯೂಮೆಯ ಸಾಲು: ಮೊದಲಿಗೆ ಕ್ರಿಯಾಪದ, ಕೊನೆಗೆ ಫಲ

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಅಕೌಂಟ್ಸ್ ಅಸಿಸ್ಟೆಂಟ್ ಆಗಿದ್ದೇನೆ. ಅದಕ್ಕೂ ಮೊದಲು ಒಂದು ವರ್ಷ ಆಡಿಟರ್ ಕಚೇರಿಯಲ್ಲಿದ್ದೆ. ರೆಸ್ಯೂಮೆಯಲ್ಲಿ ಹೀಗೆ ಬರೆದಿದ್ದೇನೆ: ‘ರೆಸ್ಪಾನ್ಸಿಬಲ್ ಫಾರ್ ಜಿಎಸ್‌ಟಿ ರಿಟರ್ನ್ಸ್’, ‘ಪ್ರಿಪೇರಿಂಗ್ ಸ್ಯಾಲರಿ ಆಫ್ 120 ಎಂಪ್ಲಾಯೀಸ್’, ‘ಐ ಹ್ಯಾವ್ ಹ್ಯಾಂಡಲ್ಡ್ ವೆಂಡರ್ ಪೇಮೆಂಟ್ಸ್’, ‘ಟ್ಯಾಲಿ ಎಂಟ್ರೀಸ್’. ಎಲ್ಲ ಸಾಲೂ ಒಂದೇ ಥರ ಇರಬೇಕು, ಕೊನೆಯಲ್ಲಿ ರಿಸಲ್ಟ್ ಬೇಕು ಅಂತಾರೆ. ಸಂಬಳದ ಲೆಕ್ಕಕ್ಕೆ ಮೂರು ದಿನ ಹಿಡಿಯುತ್ತಿದ್ದದ್ದು ನಾನು ಎಕ್ಸೆಲ್ ಶೀಟ್ ಮಾಡಿದ ಮೇಲೆ ಒಂದು ದಿನಕ್ಕೆ ಬಂತು. ಅದು ಬಿಟ್ಟರೆ ದಿನಾ ಮಾಡುವ ಕೆಲಸದಲ್ಲಿ ಏನು ರಿಸಲ್ಟ್ ತೋರಿಸಲಿ, ಸರ್?
— ಓದುಗರು, ತುಮಕೂರು

ಉತ್ತರ: ನಿಮ್ಮ ನಾಲ್ಕು ಸಾಲಿಗೂ ಒಂದು ಸುಲಭದ ಪರೀಕ್ಷೆಯಿದೆ. ಪ್ರತಿ ಸಾಲಿನ ಮುಂದೆ ಮನಸ್ಸಿನಲ್ಲೇ ‘ಐ’ ಸೇರಿಸಿ ಓದಿ. ‘ಐ ರೆಸ್ಪಾನ್ಸಿಬಲ್ ಫಾರ್’ ನಿಲ್ಲುವುದಿಲ್ಲ, ‘ಐ ಪ್ರಿಪೇರಿಂಗ್’ ಸಹ ನಿಲ್ಲುವುದಿಲ್ಲ, ‘ಐ ಟ್ಯಾಲಿ ಎಂಟ್ರೀಸ್’ನಲ್ಲಂತೂ ಟ್ಯಾಲಿ ಸಾಫ್ಟ್‌ವೇರಿನ ಹೆಸರು, ನೀವು ಮಾಡಿದ್ದನ್ನು ಹೇಳುವ ಕ್ರಿಯಾಪದವೇ ಇಲ್ಲ. ಮೂರನೆಯದರಲ್ಲಿ ‘ಐ’ ಆಗಲೇ ಇದೆ, ಆದರೆ ರೆಸ್ಯೂಮೆಯಲ್ಲಿ ಅದನ್ನು ಬರೆಯುವ ರೂಢಿಯಿಲ್ಲ. ‘ಐ’ ಸೇರಿಸಿದಾಗ ಸರಿಯಾಗಿ ಕೇಳಿಸುವ, ತೆಗೆದಾಗ ಕ್ರಿಯಾಪದದಿಂದಲೇ ಶುರುವಾಗುವ ಸಾಲು ಬೇಕು: ‘ಫೈಲ್ಡ್’, ‘ಪ್ರಿಪೇರ್ಡ್’, ‘ಕ್ಲಿಯರ್ಡ್’. ಒಂದು ಕೆಲಸದ ಕೆಳಗಿನ ಎಲ್ಲ ಸಾಲೂ ಈ ಪರೀಕ್ಷೆ ದಾಟಿದರೆ ರಚನೆ ತಾನಾಗಿ ಒಂದೇ ಆಗುತ್ತದೆ.

ಕಾಲದ ವಿಷಯ. ಆಡಿಟರ್ ಕಚೇರಿಯ ಸಾಲುಗಳೆಲ್ಲ ಭೂತಕಾಲದಲ್ಲಿರಲಿ, ಅಲ್ಲಿ ಗೊಂದಲವಿಲ್ಲ. ಈಗಿನ ಕೆಲಸದಲ್ಲಿ ಇನ್ನೂ ನಡೆಯುತ್ತಿರುವುದಕ್ಕೆ ವರ್ತಮಾನ (‘ಫೈಲ್’, ‘ಪ್ರಿಪೇರ್’), ಮುಗಿದದ್ದಕ್ಕೆ ಭೂತ ಎನ್ನುವುದು ಸಾಮಾನ್ಯ ಪದ್ಧತಿ. ಎರಡೂ ಬೇಕಾದರೆ ವರ್ತಮಾನದವನ್ನು ಒಟ್ಟಿಗೆ ಮೇಲೆ ಇಡಿ, ಭೂತದವನ್ನು ಕೆಳಗೆ. ಒಂದು ಬಿಟ್ಟು ಒಂದು ಬರೆದರೆ ಅಜಾಗರೂಕತೆ ಕಾಣುತ್ತದೆ. ನಾನಾದರೆ ನಿಮ್ಮ ಎಲ್ಲ ಸಾಲನ್ನೂ ಭೂತಕಾಲಕ್ಕೇ ತರುತ್ತೇನೆ. ಫಲ ಸಿಕ್ಕಿದೆ ಎಂದು ಹೇಳುವ ಸಾಲಿನಲ್ಲಿ ಕೆಲಸ ಆಗಿಹೋಗಿರುತ್ತದೆ.

ಇನ್ನು ಫಲ. ನಿಮ್ಮ ಕೆಲಸದಲ್ಲಿ ಅದು ಗಡುವಿನಲ್ಲಿದೆ, ತಪ್ಪಿಸಿದ ದಂಡದಲ್ಲಿದೆ, ಉಳಿಸಿದ ಹಣದಲ್ಲಿದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ಮುಂದಿನ ತಿಂಗಳ 20ರೊಳಗೆ ಹೋಗಬೇಕು. ತಡವಾದರೆ ಲೇಟ್ ಫೀ, ತೆರಿಗೆ ಬಾಕಿಯಿದ್ದರೆ ಬಡ್ಡಿ. ಮೂರು ವರ್ಷದಲ್ಲಿ ಒಮ್ಮೆಯೂ ಲೇಟ್ ಫೀ ಕಟ್ಟಿಲ್ಲ ಎಂದಾದರೆ ಸಾಲು ಹೀಗೆ: ‘ಫೈಲ್ಡ್ ಮಂತ್ಲಿ ಜಿಎಸ್‌ಟಿ ರಿಟರ್ನ್ಸ್ ಫಾರ್ ತ್ರೀ ಇಯರ್ಸ್ ವಿತ್ ನೋ ಲೇಟ್ ಫೀ’.

ಇದಕ್ಕಿಂತ ತೂಕದ ಸಾಲೊಂದು ನೀವು ಬರೆಯದೇ ಬಿಟ್ಟಿರಬಹುದು. ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಬರುವುದಿಲ್ಲ, ಅದರ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಂತೆಯೂ ಇಲ್ಲ. ಪರ್ಚೇಸ್ ರಿಜಿಸ್ಟರ್ ಜೊತೆ 2ಬಿ ತಾಳೆ ನೋಡಿ, ಬಿಟ್ಟುಹೋದ ಬಿಲ್ಲಿಗೆ ಸಪ್ಲೈಯರ್‌ಗೆ ಫೋನು ಮಾಡಿ ಹಾಕಿಸಿದ್ದೀರಾ? ಹಾಗಿದ್ದರೆ ‘ಮ್ಯಾಚ್ಡ್ ಪರ್ಚೇಸ್ ರಿಜಿಸ್ಟರ್ ವಿತ್ ಜಿಎಸ್‌ಟಿಆರ್-2ಬಿ ಎವ್ರಿ ಮಂತ್, ರಿಕವರಿಂಗ್...’ ಎಂದು ಬರೆದು, ಮುಂದೆ ಮರಳಿ ಬಂದ ಕ್ರೆಡಿಟ್ಟಿನ ಮೊತ್ತ ಹಾಕಿ. ಲೆಕ್ಕ ಹಾಕಲು ನಿಮ್ಮ ತಾಳೆಪಟ್ಟಿಗಳನ್ನೂ ಸಪ್ಲೈಯರ್‌ಗಳಿಗೆ ಕಳಿಸಿದ ಮೇಲ್‌ಗಳನ್ನೂ ತೆಗೆದು ನೋಡಿ. ಇಲ್ಲಿ ಕೊನೆಯಲ್ಲಿ ಬಂದಿರುವ ‘ರಿಕವರಿಂಗ್’ ತಪ್ಪಲ್ಲ. ಆ ರೂಪ ಸಾಲಿನ ತಲೆಯಲ್ಲಿರಬಾರದು ಅಷ್ಟೆ, ಬಾಲದಲ್ಲಿರಬಹುದು.

ಸಂಬಳದ ಸಾಲು ನೀವೇ ಅರ್ಧ ಬರೆದಿದ್ದೀರಿ: ‘ಬಿಲ್ಟ್ ಆ್ಯನ್ ಎಕ್ಸೆಲ್ ಶೀಟ್ ಫಾರ್ 120 ಎಂಪ್ಲಾಯೀಸ್, ಕಟಿಂಗ್ ಪೇರೋಲ್ ವರ್ಕ್ ಫ್ರಮ್ ತ್ರೀ ಡೇಸ್ ಟು ಒನ್’. ‘ಪ್ರಿಪೇರ್ಡ್’ ಬದಲು ‘ಬಿಲ್ಟ್’ ಬಂದದ್ದನ್ನು ಗಮನಿಸಿ. ಸಂಬಳದ ಲೆಕ್ಕ ಮಾಡುವವರು ಬಹಳ ಜನ, ಶೀಟ್ ಕಟ್ಟಿದವರು ನೀವು. ಗಟ್ಟಿ ಕ್ರಿಯಾಪದ ಎಂದರೆ ಇಷ್ಟೇ, ನೀವು ನಿಜವಾಗಿ ಮಾಡಿದ್ದನ್ನು ಕಣ್ಣಿಗೆ ಕಾಣಿಸುವ ಪದ. ಅಂತರ್ಜಾಲದ ಪಟ್ಟಿಗಳಿಂದ ‘ಸ್ಪಿಯರ್‌ಹೆಡೆಡ್’ ಎತ್ತಿಕೊಂಡು ಬರಬೇಡಿ. ‘ನಿಮ್ಮ ಕೆಳಗೆ ಎಷ್ಟು ಜನರಿದ್ದರು?’ ಎಂದು ಸಂದರ್ಶನದಲ್ಲಿ ಕೇಳಿದರೆ ಕಷ್ಟ. ಅತ್ತ ‘ಹ್ಯಾಂಡಲ್ಡ್’ ಕೂಡ ಸಾಲದು. ಪೇಮೆಂಟ್ ಪಾಸ್ ಮಾಡಿದಿರೋ, ಬಿಲ್ ಪರಿಶೀಲಿಸಿದಿರೋ, ಬರೀ ಎಂಟ್ರಿ ಹಾಕಿದಿರೋ ಎನ್ನುವುದು ಅದರಿಂದ ತಿಳಿಯುವುದೇ ಇಲ್ಲ. ಬಿಲ್ ನೋಡುತ್ತಿದ್ದದ್ದು ನೀವಾದರೆ ‘ಚೆಕ್ಡ್ ವೆಂಡರ್ ಬಿಲ್ಸ್ ಅಗೇನ್‌ಸ್ಟ್ ಪರ್ಚೇಸ್ ಆರ್ಡರ್ಸ್’ ಎಂದು ಶುರು ಮಾಡಿ, ಎರಡೆರಡು ಸಲ ಬಂದಿದ್ದ ಬಿಲ್ ಹಿಡಿದಿದ್ದರೆ ಅದೇ ಫಲ. ಅಂಥದ್ದೇನೂ ಇಲ್ಲದಿದ್ದರೆ ಆಡಿಟ್‌ನಲ್ಲಿ ಆ ಲೆಡ್ಜರ್ ಮೇಲೆ ಆಕ್ಷೇಪ ಬರಲಿಲ್ಲ ಎಂಬುದೂ ನಡೆಯುತ್ತದೆ, ಅದು ನಿಜವಾಗಿದ್ದರೆ ಮಾತ್ರ. ಪ್ರತಿ ಸಾಲಿಗೂ ಅಂಕಿ ಇರಲೇಬೇಕೆಂಬ ಹಟ ಬೇಡ. ಕಂಪನಿಯ ಲಾಭ ಹೆಚ್ಚಿತು ಎಂದು ಅಂಟಿಸುವುದಂತೂ ಬೇಡವೇ ಬೇಡ, ಅದು ನಿಮ್ಮೊಬ್ಬರಿಂದ ಆದದ್ದಲ್ಲ ಎಂದು ಓದುವವರಿಗೆ ಗೊತ್ತಿರುತ್ತದೆ.

‘ಟ್ಯಾಲಿ ಎಂಟ್ರೀಸ್’ ಸಾಲನ್ನು ತಿದ್ದುವ ಗೋಜಿಗೆ ಹೋಗಬೇಡಿ. ಅಲ್ಲಿಂದ ತೆಗೆದು ಸ್ಕಿಲ್ಸ್ ಭಾಗದಲ್ಲಿ ‘ಟ್ಯಾಲಿ’ ಎಂದಷ್ಟೇ ಹಾಕಿ. ಉಳಿದವುಗಳಲ್ಲಿ 2ಬಿ ಸಾಲು ಎಲ್ಲಕ್ಕಿಂತ ಮೇಲಿರಲಿ, ಅದರ ಕೆಳಗೆ ಸಂಬಳದ್ದು.