ಇಪ್ಪತ್ತು ಲಕ್ಷದಲ್ಲಿ ಯಾವುದು ಮೊದಲು?

ಓದುಗರ ಪತ್ರ: ಡೊಂಬಿವಲಿಯಲ್ಲಿ ನಮ್ಮದೊಂದು ಹೋಟೆಲು. ಈ ವರ್ಷ ಕೈಯಿಂದ 20 ಲಕ್ಷ ಹಾಕಬಹುದು, ಸಾಲ ಬೇಡವೆಂದು ಮನೆಯಲ್ಲಿ ತೀರ್ಮಾನ. ಸಿ.ಎ. ಓದುತ್ತಿರುವ ಅಳಿಯ 12% ದರದಲ್ಲಿ ಎನ್‌ಪಿವಿ, ಅಂದರೆ ಮುಂದೆ ಬರುವ ಹಣದ ಇಂದಿನ ಬೆಲೆಯಲ್ಲಿ ಇಂದಿನ ಖರ್ಚು ಕಳೆದು ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿಕೊಟ್ಟಿದ್ದಾನೆ. ಸ್ಟೀಮ್ ಬಾಯ್ಲರಿಗೆ 5 ಲಕ್ಷ, ಎನ್‌ಪಿವಿ 2 ಲಕ್ಷ. ಜ್ಯೂಸ್ ಕೌಂಟರಿಗೆ 8 ಲಕ್ಷ, ಎನ್‌ಪಿವಿ 2.8. ಎಸಿ ಕೋಣೆಗೆ 14 ಲಕ್ಷ, ಎನ್‌ಪಿವಿ 4.2. ಕೋಲ್ಡ್ ರೂಮಿಗೆ 6 ಲಕ್ಷ, ಎನ್‌ಪಿವಿ 1.2. ಮಾಳಿಗೆಯ ಪಾರ್ಟಿ ಹಾಲಿಗೆ 20 ಲಕ್ಷ, ಎನ್‌ಪಿವಿ 4.6. ಲಾಭ ಹೆಚ್ಚು ಇರುವುದು ಪಾರ್ಟಿ ಹಾಲಿನಲ್ಲೇ ಎಂದು ನಾನು. ಬಾಯ್ಲರ್, ಜ್ಯೂಸ್, ಕೋಲ್ಡ್ ರೂಮ್ ಮಾಡೋಣ ಎಂದು ಅವನು. ಯಾರ ಲೆಕ್ಕ ಸರಿ?

ಸಂಪಾದಕರ ಉತ್ತರ: ಮಾಲಕರೇ, ಪಾರ್ಟಿ ಹಾಲಿಗೆ ಅದರದೇ ಮರ್ಯಾದೆ ಇದೆ. ನಾಮಕರಣ, ನಿಶ್ಚಿತಾರ್ಥಕ್ಕೆ ಊರವರೆಲ್ಲ ನಿಮ್ಮ ಮೆಟ್ಟಿಲು ಹತ್ತುತ್ತಾರೆ. ಐದು ಕೆಲಸಗಳನ್ನು ಒಂದೊಂದಾಗಿ ಎದುರಿಗಿಟ್ಟು ನೋಡಿದರೆ ದೊಡ್ಡ ಎನ್‌ಪಿವಿ ಅದರದ್ದೇ, ಅದೂ ನಿಜ. ನಿಮ್ಮ ಪಕ್ಷದ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ. ಹಾಲ್ ಇಡೀ 20 ಲಕ್ಷ ನುಂಗಿ 4.6 ಲಕ್ಷ ಕೊಡುತ್ತದೆ. ಅಳಿಯನ ಮೂರು ಕೆಲಸಗಳು 19 ಲಕ್ಷದಲ್ಲಿ 6 ಲಕ್ಷ ಕೊಡುತ್ತವೆ. ಹಣಕ್ಕೆ ಮಿತಿ ಇಲ್ಲದಿದ್ದರೆ ಎನ್‌ಪಿವಿ ಸೊನ್ನೆಗಿಂತ ಮೇಲಿರುವ ಕೆಲಸಗಳನ್ನೆಲ್ಲ ಮಾಡಿಬಿಡಬಹುದು. ಮಿತಿ ಬಂದ ಕೂಡಲೇ ಪ್ರಶ್ನೆ ಬೇರೆಯಾಗುತ್ತದೆ: ಹಾಕಿದ ಒಂದೊಂದು ರೂಪಾಯಿ ಎಷ್ಟು ದುಡಿಯಿತು? ಅದನ್ನು ಹೇಳುವುದು ಪ್ರಾಫಿಟಬಿಲಿಟಿ ಇಂಡೆಕ್ಸ್, ಚಿಕ್ಕದಾಗಿ ಪಿಐ, ಅಂದರೆ ಮುಂದೆ ಬರುವ ಹಣದ ಇಂದಿನ ಬೆಲೆಯನ್ನು ಇಂದು ಹಾಕುವ ಹಣದಿಂದ ಭಾಗಿಸಿದಾಗ ಸಿಗುವ ಅಂಕಿ.

ಬಾಯ್ಲರನ್ನೇ ನೋಡಿ. ಗ್ಯಾಸಿನಲ್ಲಿ, ಕೂಲಿಯಲ್ಲಿ ವರ್ಷಕ್ಕೆ 1.94 ಲಕ್ಷ ಉಳಿದು, ಯಂತ್ರ ಐದು ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. 12 ಶೇಕಡಾದಲ್ಲಿ, ವರ್ಷಕ್ಕೊಂದರಂತೆ ಐದು ವರ್ಷ ಬರುವ ಒಂದು ರೂಪಾಯಿಯ ಇಂದಿನ ಬೆಲೆ 3.605 ರೂಪಾಯಿ. ಗುಣಿಸಿದರೆ ಹೆಚ್ಚುಕಡಿಮೆ 7 ಲಕ್ಷ. ಹಾಕಿದ್ದು 5 ಲಕ್ಷ, ಆದ್ದರಿಂದ ಪಿಐ 1.40. ಇದೇ ರೀತಿ ಜ್ಯೂಸ್ ಕೌಂಟರಿಗೆ 1.35, ಎಸಿ ಕೋಣೆಗೆ 1.30, ಹಾಲಿಗೆ 1.23, ಕೋಲ್ಡ್ ರೂಮಿಗೆ 1.20. ಎಕ್ಸೆಲ್‌ನಲ್ಲಿ ಮಾಡುವುದಾದರೆ ಅಳಿಯನಿಗೆ ಒಂದು ಕಿವಿಮಾತು. ಅಲ್ಲಿನ `NPV` ಮೊದಲನೇ ಅಂಕಿಯನ್ನೇ ಒಂದು ವರ್ಷದ ನಂತರ ಬಂದದ್ದೆಂದು ಹಿಡಿಯುತ್ತದೆ. ಇಂದಿನ ಖರ್ಚನ್ನು ಅದರೊಳಗೆ ಸೇರಿಸಿದರೆ ಲೆಕ್ಕ ಕೆಡುತ್ತದೆ. `B1`ರಲ್ಲಿ ಖರ್ಚನ್ನು ಮೈನಸ್ ಆಗಿ ಬರೆದು ಹೊರಗಿಡಬೇಕು, `B2`ರಿಂದ `B6`ರವರೆಗೆ ಐದು ವರ್ಷದ ವರಮಾನ ಬರೆಯಬೇಕು:

```
=NPV(12%,B2:B6)/-B1
```

ಇಲ್ಲಿಯವರೆಗೆ ಹುಡುಗ ಸರಿ. ಆದರೆ ಪಟ್ಟಿಯ ಮೇಲಿಂದ ಒಂದೊಂದೇ ಇಳಿಸುತ್ತ ಬಂದು ಅವನು ಎಡವಿದ್ದಾನೆ. ಬಾಯ್ಲರ್, ಜ್ಯೂಸ್ ಸೇರಿ 13 ಲಕ್ಷ. ಉಳಿದ 7ರಲ್ಲಿ ಎಸಿ ಕೋಣೆ ಹಿಡಿಸಲಿಲ್ಲ, ಹಾಲೂ ಹಿಡಿಸಲಿಲ್ಲ, ಪಟ್ಟಿಯ ಕೊನೆಯಲ್ಲಿದ್ದ ಕೋಲ್ಡ್ ರೂಮ್ ಹಿಡಿಸಿತು, ಹಾಕಿಬಿಟ್ಟ. ಇದು ಅವನ ತಪ್ಪಲ್ಲ, ಕ್ಲಾಸಿನದು. ಪರೀಕ್ಷೆಯ ಲೆಕ್ಕಗಳಲ್ಲಿ ಎಷ್ಟೋ ಸಲ ‘ಯೋಜನೆಗಳನ್ನು ಭಾಗ ಮಾಡಬಹುದು’ ಎಂಬ ಒಂದು ಸಾಲು ಇರುತ್ತದೆ. ಹಾಗಿದ್ದರೆ 7 ಲಕ್ಷಕ್ಕೆ ಅರ್ಧ ಎಸಿ ಕೋಣೆ ಕೊಂಡು 2.1 ಲಕ್ಷ ಎಂದು ಬರೆದು ಪೂರ್ತಿ ಅಂಕ ತೆಗೆದುಕೊಳ್ಳಬಹುದು. ಡೊಂಬಿವಲಿಯಲ್ಲಿ ಅರ್ಧ ಕೋಣೆಗೆ ಎಸಿ ಹಾಕಿ ಗಿರಾಕಿಯನ್ನು ಕೂರಿಸುವುದು ಹೇಗೆ?

ಭಾಗವಾಗದ ಕೆಲಸಗಳಿಗೆ ಸಾಲು ಹಚ್ಚಿದರೆ ಸಾಲದು, ಜೋಡಿಗಳನ್ನು ತೂಗಬೇಕು. ಷಿಕಾಗೋ ವಿಶ್ವವಿದ್ಯಾಲಯದ ಲೋರಿ ಮತ್ತು ಸಾವೇಜ್ 1955ರಲ್ಲೇ ಈ ತೊಡಕನ್ನು ಎತ್ತಿದ್ದರು. 1963ರಲ್ಲಿ ವೈನ್‌ಗಾರ್ಟ್ನರ್ ಇದನ್ನು ಪೂರ್ಣಾಂಕಗಳ ಗಣಿತಕ್ಕೆ ಕೂಡಿಸಿದರು. ನಿಮಗೆ ಅಷ್ಟೆಲ್ಲ ಬೇಡ. ಐದು ಕೆಲಸಗಳಿಗೆ ಒಟ್ಟು 32 ಜೋಡಣೆ, ಏನೂ ಮಾಡದಿರುವುದನ್ನೂ ಸೇರಿಸಿ. ಬಜೆಟ್ ಮೀರುವುದನ್ನು ಹೊಡೆದುಹಾಕಿದರೆ ಬಿಲ್ ಬುಕ್ಕಿನ ಬೆನ್ನಮೇಲೆ ಮುಗಿಯುತ್ತದೆ. ಎಸಿ ಕೋಣೆ ಮತ್ತು ಕೋಲ್ಡ್ ರೂಮ್, 20 ಲಕ್ಷಕ್ಕೆ 5.4. ಅಳಿಯನ ಮೂರು, 19ಕ್ಕೆ 6. ಬಾಯ್ಲರ್ ಮತ್ತು ಎಸಿ ಕೋಣೆ, 19ಕ್ಕೆ 6.2. ಗೆದ್ದದ್ದು ಕೊನೆಯದು.

ಗೆದ್ದದ್ದಾದರೂ ಎಷ್ಟರಿಂದ? ಇಪ್ಪತ್ತು ಸಾವಿರದಿಂದ. ಎಸಿ ಕೋಣೆಯ ಕೆಲಸ ಅಂದಾಜಿಗಿಂತ ಇಪ್ಪತ್ತು ಸಾವಿರ ಮೇಲೆ ಹೋದರೆ ಇಬ್ಬರೂ ಸಮ. ಅದಕ್ಕೂ ಮೀರಿದರೆ ಅಳಿಯನೇ ಗೆದ್ದ. ಪಿಐ ಪಟ್ಟಿಯ ಮೇಲೆ ನನಗಿರುವ ಪ್ರೀತಿಗೆ ಕಾರಣವೂ ಇದೇ. ತಪ್ಪಿದರೂ ಸಾಮಾನ್ಯವಾಗಿ ದೂರ ತಪ್ಪುವುದಿಲ್ಲ. ಹಾಲನ್ನು ಆರಿಸಿದ್ದರೆ ತಪ್ಪುತ್ತಿದ್ದದ್ದು 1.6 ಲಕ್ಷ.

ಈಗ ಕಂಟ್ರಾಕ್ಟರ್ ಕೊಟ್ಟ ಕೊಟೇಶನ್ ತೆಗೆಯಿರಿ. 14 ಲಕ್ಷದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿದೆಯೇ? ಇದ್ದರೆ 18 ಶೇಕಡಾದಂತೆ 2.52 ಲಕ್ಷ ಸೇರಿ ಕೋಣೆಗೆ 16.52 ಲಕ್ಷ ಆಯಿತು. ನೀವು ಗಿರಾಕಿಯಿಂದ 5 ಶೇಕಡಾ ವಸೂಲು ಮಾಡುವ ಹೋಟೆಲಿನವರು, ಕೊಟ್ಟ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಅದೂ ಖರ್ಚೇ. ಬಾಯ್ಲರ್ ಜೊತೆ ಸೇರಿಸಿದರೆ 21.52 ಲಕ್ಷ, ಬಜೆಟ್ಟೇ ದಾಟಿತು. ಐದೂ ಕೊಟೇಶನ್‌ಗಳನ್ನು ತೆರಿಗೆ ಸೇರಿಸಿಯೇ ಹೋಲಿಸಿ. ಒಂದರಲ್ಲಿ ಸೇರಿಸಿ ಇನ್ನೊಂದರಲ್ಲಿ ಬಿಟ್ಟರೆ ಪಟ್ಟಿಯೇ ಸುಳ್ಳಾಗುತ್ತದೆ.

ಇನ್ನೊಂದು ಎಡವುವ ಜಾಗ ಭಾಗಿಸುವ ಅಂಕಿಯದು. ಜ್ಯೂಸ್ ಕೌಂಟರಿನಲ್ಲಿ ಮುಂದೆ ಬರುವ ಹಣದ ಇಂದಿನ ಬೆಲೆ 14 ಲಕ್ಷ ಇದ್ದು, ಮೂರನೇ ವರ್ಷ ಫ್ರಿಜ್ಜು, ಮಿಕ್ಸರ್ ಬದಲಿಸುವ ಖರ್ಚಿನ ಇಂದಿನ ಬೆಲೆ 3.2 ಲಕ್ಷ ಇದೆಯೆನ್ನಿ. ಆ ಖರ್ಚನ್ನು ವರಮಾನದಲ್ಲಿ ಕಳೆದು 8ರಿಂದ ಭಾಗಿಸಿದರೆ 1.35. ಅದನ್ನೇ ಬಂಡವಾಳಕ್ಕೆ ಕೂಡಿಸಿ 14ನ್ನು 11.2ರಿಂದ ಭಾಗಿಸಿದರೆ 1.25. ಎನ್‌ಪಿವಿ ಎರಡರಲ್ಲೂ 2.8 ಲಕ್ಷವೇ. ನಿಮಗೆ ಬಿಗಿ ಇರುವುದು ಈ ವರ್ಷದ ಹಣಕ್ಕೆ, ಹಾಗಾಗಿ ಈ ವರ್ಷ ಹಾಕುವ ಹಣ ಮಾತ್ರ ಕೆಳಗೆ ಬರಬೇಕು. ತಮಾಷೆಯೆಂದರೆ, ತಪ್ಪಾಗಿ 1.25 ಬರೆದಿದ್ದರೆ ಜ್ಯೂಸ್ ಕೆಳಗಿಳಿದು, ಎಸಿ ಕೋಣೆ ಎರಡನೆಯದಾಗಿ, ಪಟ್ಟಿ ತಾನಾಗಿ ಸರಿಯುತ್ತರ ಕೊಡುತ್ತಿತ್ತು. ಮುಂದಿನ ವರ್ಷದ ಹಣಕ್ಕೂ ಮಿತಿ ಇದ್ದರೆ ಮಾತ್ರ ಪಿಐ ಕೈಬಿಡಬೇಕು. ಒಂದೇ ಕೆಲಸ ಎರಡು ವರ್ಷದ ಹಣ ಬೇಡುವಾಗ ಒಂದೇ ಅಂಕಿ ಎರಡೂ ಮಿತಿಯನ್ನು ಕಾಯಲಾರದು.

ಕೊನೆಗೆ ನಿಮ್ಮನ್ನೇ ಸ್ವಲ್ಪ ಬೈಯಬೇಕು. ನಮ್ಮ ಹೋಟೆಲಿನವರ ಬಜೆಟ್ ಬಹುಪಾಲು ಮನೆಯಲ್ಲಿ ಊಟದ ಹೊತ್ತಿಗೆ ತೀರ್ಮಾನವಾಗುತ್ತದೆ. ಬ್ಯಾಂಕಿನ ಕಡೆ ಹೋದರೆ ಅಲ್ಲಿ ಕೇಳುವುದು ‘ಎಷ್ಟು ವರ್ಷದಲ್ಲಿ ದುಡ್ಡು ವಾಪಸು’ ಎಂದಷ್ಟೆ. ಆ ಲೆಕ್ಕಕ್ಕೆ ದುಡ್ಡು ವಾಪಸಾದ ಮಾರನೇ ದಿನದ ಗಳಿಕೆ ಕಾಣುವುದೇ ಇಲ್ಲ. ಸಾಲ ಬೇಡವೆಂಬ ನಿಮ್ಮ ಮಾತನ್ನು ಗೌರವಿಸುತ್ತೇನೆ, ಆದರೆ ಅದಕ್ಕೆ ಬೆಲೆ ಕಟ್ಟಿ ನೋಡಿ. 20ರ ಬದಲು 22 ಲಕ್ಷ ಇದ್ದರೆ ಜ್ಯೂಸ್ ಮತ್ತು ಎಸಿ ಕೋಣೆ ಸೇರಿ 7 ಲಕ್ಷ, ಅಂದರೆ 80 ಸಾವಿರ ಹೆಚ್ಚು. 27 ಇದ್ದರೆ ಬಾಯ್ಲರೂ ಸೇರಿ 9 ಲಕ್ಷ. ಎನ್‌ಪಿವಿ ತೆಗೆದದ್ದು 12 ಶೇಕಡಾದಲ್ಲಿ, ಆದ್ದರಿಂದ ಆ 7 ಲಕ್ಷವನ್ನು ಅದೇ ಬಡ್ಡಿಗೆ ತಂದು ತೀರಿಸಿದ ಮೇಲೂ ಇಂದಿನ ಬೆಲೆಯಲ್ಲಿ 2.8 ಲಕ್ಷ ಉಳಿಯುತ್ತದೆ. ‘ಸಾಲ ಬೇಡ’ ಎಂಬ ಎರಡು ಪದಕ್ಕೆ ಮನೆಯವರು ತೆರುವ ಬೆಲೆ ಅದು. ಈ ಅಂಕಿಯನ್ನೂ ಅವರ ಮುಂದಿಟ್ಟು ಇನ್ನೊಮ್ಮೆ ಕೇಳಿ.