ಎಲ್ಲ ಬ್ಯಾಂಕಿನ ಪಾಂಪ್ಲೆಟ್ಟೂ ಒಂದೇ ಥರ: ಯಾವ ಕೋಡ್ ಮುರಿಯಬೇಕು?

ಪ್ರಶ್ನೆ: ನಾನು ಒಂದು ಪಟ್ಟಣ ಸಹಕಾರ ಬ್ಯಾಂಕಿನಲ್ಲಿ ಪ್ರಚಾರದ ಕೆಲಸ ನೋಡ್ಕೋತೀನಿ. ನಮ್ಮ ಗೃಹಸಾಲದ ಪಾಂಪ್ಲೆಟ್ ಬೇರೆ ಎಲ್ಲರದ್ದರ ಥರಾನೇ ಇದೆ ಅಂತ ಅಧ್ಯಕ್ಷರು ಬೈದರು. ಗುರುತುಗಳ ಅರ್ಥ ಓದೋ ಸೆಮಿಯಾಟಿಕ್ಸ್‌ನಲ್ಲಿ, ಒಂದೇ ಥರದ ವ್ಯಾಪಾರದವರೆಲ್ಲ ಬಳಸೋ ಗುರುತುಗಳಿಗೆ 'ಕೆಟಗರಿ ಕೋಡ್' ಅಂತಾರಲ್ಲ, ಅದನ್ನ ಓದೋದು ಹೇಗೆ? ಯಾವುದನ್ನ ಮುರೀಬಹುದು, ಯಾವುದನ್ನ ಮುಟ್ಟಬಾರದು?

ಉತ್ತರ: ದಯವಿಟ್ಟು ಬಣ್ಣದಿಂದ ಶುರು ಮಾಡಬೇಡಿ. ಎಲ್ಲರೂ ಅಲ್ಲೇ ಶುರು ಮಾಡುತ್ತಾರೆ. "ನೀಲಿ ಅಂದರೆ ನಂಬಿಕೆ, ಎಲ್ಲರೂ ನೀಲಿ ಹಾಕಿದ್ದಾರೆ, ನಾವು ಹಸಿರು ಹಾಕೋಣ" ಅಂತ ಮೀಟಿಂಗ್ ಮುಗಿಯುತ್ತದೆ. ಆದರೆ ಐಸಿಐಸಿಐ ಕಿತ್ತಳೆ ಬಣ್ಣದ್ದು, ಆಕ್ಸಿಸ್ ಕಡುಗೆಂಪು, ಬ್ಯಾಂಕ್ ಆಫ್ ಬರೋಡಾದ ಸೂರ್ಯನೂ ಕಿತ್ತಳೆ. ಇವು ಬ್ಯಾಂಕೇ ಅಲ್ಲ ಅಂತ ಯಾರಿಗಾದರೂ ಅನ್ನಿಸಿದೆಯಾ? ಇಲ್ಲ ಅಲ್ವಾ. ಒಂದು ಗುರುತಿಗೆ ತನ್ನಷ್ಟಕ್ಕೆ ತಾನೇ ಅರ್ಥ ಇರುವುದಿಲ್ಲ. ಅದರ ಜಾಗದಲ್ಲಿ ಇನ್ನೊಂದು ಇಟ್ಟಾಗ ಏನು ಬದಲಾಗುತ್ತದೆ ಅನ್ನುವುದೇ ಅದರ ಅರ್ಥ. ಏನೂ ಬದಲಾಗದಿದ್ದರೆ ಅದು ಕೋಡ್ ಅಲ್ಲ, ಬರೀ ಅಭ್ಯಾಸ.

ನಾನು ಮಾಡಿದ ಒಂದು ಕೆಲಸವನ್ನೇ ಹೇಳುತ್ತೇನೆ. ಅದೂ ನಿಮ್ಮಂಥದ್ದೇ ಬ್ಯಾಂಕು, ಒಂದು ತಾಲ್ಲೂಕು ಕೇಂದ್ರದ್ದು, ಹೆಸರು ಬೇಡ. ಎರಡು ವಾರ ಸುತ್ತಾಡಿ ಹತ್ತು-ಹನ್ನೆರಡು ಬ್ಯಾಂಕುಗಳ ಗೃಹಸಾಲದ ಪಾಂಪ್ಲೆಟ್, ಹೋರ್ಡಿಂಗ್ ಫೋಟೋ, ಆಪ್ ಪರದೆ ಎಲ್ಲ ಸೇರಿಸಿದೆವು. ಪ್ರಿಂಟ್ ಹಾಕಿಸಿ ಸಭಾಂಗಣದ ನೆಲದ ಮೇಲೆ ಹರಡಿದೆವು. ಲೋಗೋ ಮೇಲೆ ಬಿಳಿ ಚೀಟಿ ಅಂಟಿಸಿದೆವು. ಆಮೇಲೆ ಬ್ಯಾಂಕಿನ ಸಿಬ್ಬಂದಿಯನ್ನೇ ಕರೆದು ನಿಮ್ಮ ಪಾಂಪ್ಲೆಟ್ ಯಾವುದು ಹುಡುಕಿ ಅಂದೆವು. ಕ್ಯಾಷಿಯರ್ ಒಬ್ಬರು ತುಂಬಾ ವಿಶ್ವಾಸದಿಂದ ಪಕ್ಕದ ಬೀದಿಯ ಬ್ಯಾಂಕಿನದ್ದನ್ನು ಎತ್ತಿಕೊಟ್ಟರು.

ಓದುವಾಗ ಮೂರು ಕಾಲಂ ಹಾಕಿಕೊಳ್ಳಿ. ಕಣ್ಣಿಗೆ ಕಾಣುವುದು ಏನು, ಅದು ಏನು ಹೇಳುತ್ತಿದೆ, ಅದರ ಬದಲಿಗೆ ಏನು ಇರಬಹುದಿತ್ತು. ಮೊದಲ ಕಾಲಂನಲ್ಲಿ ಅಭಿಪ್ರಾಯ ಬೇಡ, ಬರೀ ಕಂಡದ್ದು. ನಮಗೆ ಕಂಡದ್ದು ಹೀಗಿತ್ತು: ಗಂಡ, ಹೆಂಡತಿ, ಎರಡು ಮಕ್ಕಳು. ಕೈಯಲ್ಲಿ ಬೀಗದ ಕೈ. ಅಂಗೈ ಮೇಲೆ ಆಟಿಕೆಯಷ್ಟು ದೊಡ್ಡ ಮನೆ. ಬೆಳಗಿನ ಬಿಸಿಲು. ಎಲ್ಲರೂ ಹಲ್ಲು ಕಾಣುವ ಹಾಗೆ ನಗುತ್ತಿದ್ದಾರೆ.

ಮೂರನೇ ಕಾಲಂ ತುಂಬುವಾಗ ಮಜಾ ಶುರುವಾಯಿತು, ಯಾಕೆಂದರೆ ಅಲ್ಲಿ ಬರುವುದು ಚಿತ್ರದಲ್ಲಿ ಇಲ್ಲದ್ದು. ಒಂದು ಪಾಂಪ್ಲೆಟ್ಟಿನಲ್ಲೂ ದುಡ್ಡಿಲ್ಲ. ಸಹಿ ಹಾಕುವವರಿಲ್ಲ. ಕೌಂಟರಿಲ್ಲ, ಕಾಯುವ ಬೆಂಚಿಲ್ಲ, ಬ್ಯಾಂಕಿನ ನೌಕರರೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಾಲ ಇಲ್ಲ! ಸಾಲ ಮಾರುವ ಕಾಗದದಲ್ಲಿ ಸಾಲದ ಕಾಲವೇ ಮಾಯ. ಬೀಗದ ಕೈ ಸಿಕ್ಕ ದಿನವನ್ನು ತೋರಿಸುತ್ತಾರೆ, ಕಥೆ ಅಲ್ಲಿಗೆ ಮುಗಿಯಿತು ಅನ್ನುವ ಹಾಗೆ.

ಆದರೆ ಗ್ರಾಹಕನ ಕಥೆ ಆ ದಿನ ಶುರುವಾಗುತ್ತದೆ. 20 ಲಕ್ಷ ಸಾಲ, 20 ವರ್ಷ, 9% ಬಡ್ಡಿ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 17,995 ರೂಪಾಯಿ. ಮೊದಲ ಕಂತಿನಲ್ಲಿ 15,000 ಬಡ್ಡಿಗೆ ಹೋಗುತ್ತದೆ, ಅಸಲಿಗೆ ಸೇರುವುದು ಮೂರು ಸಾವಿರಕ್ಕೂ ತುಸು ಕಡಿಮೆ. ಅರ್ಧ ಅಸಲು ತೀರುವ ಹೊತ್ತಿಗೆ 14 ವರ್ಷ ಆಗಿರುತ್ತದೆ. ಚಿತ್ರದಲ್ಲಿರುವ ಆ ಪುಟ್ಟ ಹುಡುಗಿ ಅಷ್ಟರಲ್ಲಿ ಕಾಲೇಜು ಮೆಟ್ಟಿಲು ಹತ್ತಿರುತ್ತಾಳೆ. ಈ 14 ವರ್ಷವನ್ನು ನಾವು ನೋಡಿದ ಯಾವ ಪಾಂಪ್ಲೆಟ್ಟೂ ತೋರಿಸಿರಲಿಲ್ಲ. ಎಲ್ಲರೂ ಒಟ್ಟಾಗಿ ಒಂದನ್ನು ಮುಚ್ಚಿಡುತ್ತಿದ್ದರೆ, ಮುರಿಯಬೇಕಾದ ಕೋಡ್ ಅಲ್ಲೇ ಸುತ್ತಮುತ್ತ ಇರುತ್ತದೆ.

ಆದರೆ ಅನುಮಾನ ಬಂತು ಅಂತ ಮುರಿಯಬಾರದು, ಪರೀಕ್ಷೆ ಮಾಡಬೇಕು. ಇದಕ್ಕೆ ಕಮ್ಯುಟೇಶನ್ ಟೆಸ್ಟ್ ಅನ್ನುತ್ತಾರೆ, ನಾನು ಬದಲಿ ಪರೀಕ್ಷೆ ಅನ್ನುತ್ತೇನೆ. ಉಳಿದದ್ದೆಲ್ಲ ಹಾಗೇ ಇಟ್ಟು ಒಂದೇ ಒಂದನ್ನು ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ನಾವು ಅದೇ ಪಾಂಪ್ಲೆಟ್ಟನ್ನು ನಾಲ್ಕು ಥರ ಪ್ರಿಂಟ್ ಮಾಡಿಸಿದೆವು. ಒಂದರಲ್ಲಿ ನೀಲಿ ಬದಲು ಹಸಿರು. ಒಂದರಲ್ಲಿ ಸಂಸಾರದ ಬದಲು ನಲವತ್ತರ ಒಬ್ಬಂಟಿ ಮಹಿಳೆ. ಒಂದರಲ್ಲಿ ಬೀಗದ ಕೈ ಬದಲು ಕಂತಿನ ಪಟ್ಟಿ. ಇನ್ನೊಂದರಲ್ಲಿ ಬರೀ ಬಡ್ಡಿ ದರವನ್ನು ಹಳದಿ ನಕ್ಷತ್ರದೊಳಗೆ ದಪ್ಪ ಅಕ್ಷರದಲ್ಲಿ, ಪಟಾಕಿ ಅಂಗಡಿ ಬೋರ್ಡಿನ ಥರ. ಬ್ಯಾಂಕಿಗೆ ಬಂದ ಹನ್ನೆರಡು ಜನಕ್ಕೆ ಒಬ್ಬೊಬ್ಬರಾಗಿ ತೋರಿಸಿ "ಇದು ಯಾರದ್ದಿರಬಹುದು?" ಅಂತ ಮಾತ್ರ ಕೇಳಿದೆವು. "ಹೇಗಿದೆ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ.

ಹಸಿರಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಯಾವುದೋ ಬ್ಯಾಂಕು ಅಂದರು. ಒಬ್ಬಂಟಿ ಮಹಿಳೆಯನ್ನು ನೋಡಿ ಇಬ್ಬರು "ಹೆಂಗಸರಿಗೆ ಬೇರೆ ಸ್ಕೀಮಾ?" ಅಂದರು. ನಕ್ಷತ್ರದ ಪಾಂಪ್ಲೆಟ್ ಕೈಗೆ ಬಂದ ತಕ್ಷಣ ಜಾಸ್ತಿ ಜನ ಹೇಳಿದ್ದು ಒಂದೇ ಮಾತು: "ಇದು ಫೈನಾನ್ಸ್‌ನೋರ್ದು." ಅಲ್ಲಿ ಗಡಿ ಸಿಕ್ಕಿತು ನೋಡಿ. ಬ್ಯಾಂಕು ಮತ್ತು ಫೈನಾನ್ಸ್ ನಡುವಿನ ಗೆರೆ ಇರುವುದು ಬಣ್ಣದಲ್ಲಲ್ಲ, ದನಿಯಲ್ಲಿ. ಬ್ಯಾಂಕು ಕೂಗುವುದಿಲ್ಲ. ಹನ್ನೆರಡು ಜನರ ಮಾತು ಸರ್ವೇ ಆಗುವುದಿಲ್ಲ, ಎಷ್ಟು ಜನ ಒಪ್ಪುತ್ತಾರೆ ಅಂತ ಇದರಿಂದ ಹೇಳಲಾಗದು. ಅರ್ಥ ಎಲ್ಲಿ ತಿರುಗುತ್ತದೆ ಅಂತ ಕಾಣಲು ಸಾಕು.

ನೀವು ಮುಟ್ಟಬಾರದ್ದು ಈ ಗೆರೆಯನ್ನು. ಅದರಲ್ಲೂ ಸಹಕಾರ ಬ್ಯಾಂಕು. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಖಾತೆಯಿಂದ 35,000 ರೂಪಾಯಿ ಮಾತ್ರ ತೆಗೆಯಬಹುದು ಅಂತಾಯಿತು. ಅವತ್ತಿನ ಕ್ಯೂ ಜನರ ತಲೆಯಲ್ಲಿ ಇನ್ನೂ ಇದೆ. ದೊಡ್ಡ ಬ್ಯಾಂಕು ಒಂದಿಷ್ಟು ತಮಾಷೆ ಮಾಡಿದರೆ ಗತ್ತು ಅನ್ನಿಸುತ್ತದೆ, ಚಿಕ್ಕ ಬ್ಯಾಂಕು ಅದೇ ತಮಾಷೆ ಮಾಡಿದರೆ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಸಮಾಧಾನದ ದನಿ, ಪಾಸ್‌ಬುಕ್ಕು, ಕಟ್ಟಡದ ಫೋಟೋ ಇವು ನಿಮಗೆ ಒಳಗೆ ಹೋಗುವ ಟಿಕೆಟ್. ಹಾಗೇ ಇರಲಿ.

ಇನ್ನು ಸತ್ತ ಕೋಡ್‌ಗಳು ಕೆಲವು ಇರುತ್ತವೆ. ಅವನ್ನು ಮುರಿಯುವುದೂ ಬೇಡ, ಅವಕ್ಕೆ ಖರ್ಚು ಮಾಡುವುದೂ ಬೇಡ. ಬೀಗದ ಚಿತ್ರವನ್ನೇ ನೋಡಿ. 1971ರಲ್ಲಿ ಶೇಖರ್ ಕಾಮತ್ ಸ್ಟೇಟ್ ಬ್ಯಾಂಕಿಗೆ ಮಾಡಿದ ನೀಲಿ ವೃತ್ತದಲ್ಲಿ ಕೀಲಿರಂಧ್ರ ಕಂಡಾಗ ಅದು ಒಂದು ಮಾತು ಹೇಳುತ್ತಿತ್ತು. ಈಗ ಬೀಗ ಎಲ್ಲೆಲ್ಲೂ ಇದೆ. ಬ್ರೌಸರಿನ ವಿಳಾಸದ ಪಕ್ಕ ಇದ್ದ ಬೀಗವನ್ನು ಗೂಗಲ್ ಕ್ರೋಮ್ 2023ರಲ್ಲಿ ತೆಗೆದೇಬಿಟ್ಟಿತು. ಕಾರಣ, ಜನ ಅದನ್ನು ನೋಡಿ "ಈ ಸೈಟ್ ನಂಬಬಹುದು" ಅಂದುಕೊಳ್ಳುತ್ತಿದ್ದರು, ಮೋಸದ ಸೈಟುಗಳಲ್ಲೂ ಅದೇ ಬೀಗ ಇರುತ್ತಿತ್ತು. ಕಳ್ಳನೂ ಐದು ನಿಮಿಷದಲ್ಲಿ ಹಾಕಿಕೊಳ್ಳಬಹುದಾದ ಗುರುತಿನಿಂದ ಭರವಸೆ ಹುಟ್ಟುವುದಿಲ್ಲ. ರಿಸರ್ವ್ ಬ್ಯಾಂಕ್ ಹೇಳಿದ `.bank.in` ವಿಳಾಸವನ್ನು ದಪ್ಪಗೆ ಹಾಕಿ, ಬೀಗದ ಚಿತ್ರಕ್ಕಿಂತ ಅದು ಎಷ್ಟೋ ವಾಸಿ. ಅದು ಬ್ಯಾಂಕುಗಳಿಗೆ ಮಾತ್ರ ಸಿಗುವಂಥದ್ದು.

ಹಾಗಾದರೆ ಮುರಿಯುವುದು ಯಾವುದನ್ನ? ನನ್ನ ಅನುಭವದಲ್ಲಿ, ಬ್ಯಾಂಕು ಮತ್ತು ಗ್ರಾಹಕ ಎಲ್ಲಿ ನಿಂತಿದ್ದಾರೆ ಅನ್ನುವುದನ್ನು ಹೇಳುವ ಕೋಡನ್ನು. ಯಾರು ಯಾರ ಬಳಿ ನಡೆದು ಬರುತ್ತಾರೆ, ಯಾರು ಕಾಯುತ್ತಾರೆ, ಯಾರು ಲೆಕ್ಕ ತೋರಿಸುತ್ತಾರೆ. ಇದನ್ನು ನಮ್ಮ ಕರಾವಳಿಯವರು ಬಹಳ ಹಿಂದೆಯೇ ಮಾಡಿದ್ದಾರೆ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ತಂದಿತು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಬ್ಯಾಂಕು ಅಂದರೆ ನಾವು ಹೋಗಿ ಕೈಕಟ್ಟಿ ನಿಲ್ಲುವ ಜಾಗ ಅನ್ನುವ ಕೋಡ್ ಅಲ್ಲಿ ತಲೆಕೆಳಗಾಯಿತು. ಅವರ ಲೋಗೋದಲ್ಲಿ ಇದ್ದದ್ದು ನಾಯಿ. ಇವತ್ತಿನ ಯಾವ ಏಜೆನ್ಸಿಯೂ ಅದನ್ನು ಒಪ್ಪುವುದಿಲ್ಲ, ಆದರೆ ಮನೆ ಬಾಗಿಲಿಗೆ ಬರುವ ಬ್ಯಾಂಕಿಗೆ ಅದಕ್ಕಿಂತ ಸರಿಯಾದ ಪ್ರಾಣಿ ಯಾವುದು ಹೇಳಿ! 2020ರಲ್ಲಿ ಕೆನರಾ ಬ್ಯಾಂಕಿನ ಜತೆ ವಿಲೀನ ಆದಮೇಲೆ ಬೋರ್ಡಿನಿಂದ ನಾಯಿ ಹೋಯಿತು.

ಗಮನಿಸಿ, ಅಲ್ಲಿ ಮೊದಲು ಬದಲಾದದ್ದು ಕೆಲಸ, ಚಿತ್ರ ಅಲ್ಲ. ಇಂಗ್ಲೆಂಡಿನಲ್ಲಿ 1989ರಲ್ಲಿ ಬಂದ ಫಸ್ಟ್ ಡೈರೆಕ್ಟ್ ಬರೀ ಕಪ್ಪು-ಬಿಳುಪಿನಲ್ಲಿ ಕಾಣಿಸಿಕೊಂಡಿತು. ಅದು ನೆಲೆಯೂರಿದ್ದು ಶಾಖೆಯೇ ಇಲ್ಲದೆ ಹಗಲು-ರಾತ್ರಿ ಫೋನಿನಲ್ಲಿ ಸಿಗುವ ಬ್ಯಾಂಕ್ ಆಗಿದ್ದರಿಂದ. ಅಲ್ಲೇ ಮುಂದೆ ಮೊಂಜೊ ಅನ್ನುವ ಬ್ಯಾಂಕು ಹವಳದ ಬಣ್ಣದ ಕಾರ್ಡ್ ತಂದಿತು, ಅಂಗಡಿಯಲ್ಲಿ ತೆಗೆದರೆ ಪಕ್ಕದವರು ತಿರುಗಿ ನೋಡುವಂಥದ್ದು. ಆಮೇಲೆ ಕಣ್ಣು ಕುಕ್ಕುವ ಕಾರ್ಡುಗಳು ಸಾಲುಸಾಲಾಗಿ ಬಂದವು. ಬರೀ ಬಣ್ಣದಲ್ಲಿ ಮುರಿದದ್ದನ್ನು ನಕಲು ಮಾಡುವುದು ಸುಲಭ, ನೋಡನೋಡುತ್ತ ಅದೂ ಒಂದು ಕೋಡೇ ಆಗುತ್ತದೆ.

ನಮ್ಮ ಬ್ಯಾಂಕಿಗೆ ವಾಪಸ್ ಬರೋಣ. ಅಲ್ಲಿ ಪಿಗ್ಮಿ ಕಲೆಕ್ಟರ್‌ಗಳು ದಿನಾ ಪೇಟೆ ಸುತ್ತುತ್ತಿದ್ದರು. ಬ್ಯಾಂಕಿನ ಒಂದು ಚಿತ್ರದಲ್ಲೂ ಅವರಿರಲಿಲ್ಲ. ಹಳೇಕಾಲದ್ದು ಅಂತ ಆಡಳಿತ ಮಂಡಳಿಗೆ ನಾಚಿಕೆ. ನಮ್ಮ ಸಲಹೆ ಇಷ್ಟೇ: ನೀಲಿ ಇರಲಿ, ದನಿ ಇರಲಿ, ಒಂದನ್ನು ಮಾತ್ರ ಮುರಿಯಿರಿ. ಬೀಗದ ಕೈ ದಿನದ ಬದಲು ನಡುವಿನ ವರ್ಷಗಳನ್ನು ತೋರಿಸಿ. ಮುಖಪುಟದಲ್ಲಿ ಹೊಸ ಮನೆ ಬೇಡ, ಬಣ್ಣ ಸ್ವಲ್ಪ ಮಾಸಿದ ಮನೆಯ ಜಗುಲಿ, ಅಲ್ಲಿ ಕೂತು ಮನೆಯವರಿಗೆ ಲೆಕ್ಕ ತೋರಿಸುತ್ತಿರುವ ಬ್ಯಾಂಕಿನವರು. ಒಳಗೆ ವರ್ಷವಾರು ಕಂತಿನ ಪಟ್ಟಿ, 14ನೇ ವರ್ಷಕ್ಕೆ ಗುರುತು. ಪರೀಕ್ಷೆಯಲ್ಲಿ ಕಂತಿನ ಪಟ್ಟಿ ನೋಡಿದವರು ಅದನ್ನು ಫೈನಾನ್ಸ್‌ನವರದ್ದು ಅಂದಿರಲಿಲ್ಲ. ಸುಮ್ನೆ ಬೆರಳಿಟ್ಟು ಓದಿದ್ದರು, ಒಬ್ಬರು ಮಡಚಿ ಜೇಬಿಗೆ ಹಾಕಿಕೊಂಡಿದ್ದರು.

ಮ್ಯಾನೇಜರ್ ಒಪ್ಪಲಿಲ್ಲ. "ಇದನ್ನ ನೋಡಿದ್ರೆ ಸಾಲ ತಗೊಳ್ಳೋಕೆ ಬಂದೋರು ಓಡಿಹೋಗ್ತಾರೆ ಸಾರ್" ಅಂದರು. ಅವರ ಭಯ ಸುಳ್ಳೇನಲ್ಲ. ಈ ಕೋಡ್ ಮುರಿಯಬೇಕಾದರೆ ಬ್ಯಾಂಕಿನವರು ನಿಜವಾಗಿಯೂ ವರ್ಷಕ್ಕೊಮ್ಮೆ ಲೆಕ್ಕ ಹಿಡಿದು ಜಗುಲಿಗೆ ಹೋಗಬೇಕು, ಮುಂಚಿತವಾಗಿ ಎಷ್ಟು ಕಟ್ಟಿದರೆ ಎಷ್ಟು ವರ್ಷ ಉಳಿಯುತ್ತದೆ ಅಂತ ಹೇಳಬೇಕು. ಅದಕ್ಕೆ ಸಿಬ್ಬಂದಿ ಇಲ್ಲದಿದ್ದರೆ ಚಿತ್ರ ಸುಳ್ಳಾಗುತ್ತದೆ. ಕೊನೆಗೆ ಜಗುಲಿಯ ಫೋಟೋ ಮುಂದೆ ಬಂತು, ಕಂತಿನ ಪಟ್ಟಿ ಹಿಂದಿನ ಪುಟಕ್ಕೆ ಹೋಯಿತು, 14ನೇ ವರ್ಷದ ಗುರುತು ಪ್ರೂಫ್ ಹಂತದಲ್ಲಿ ಬಿದ್ದುಹೋಯಿತು. ಫೋಟೋದಲ್ಲಿ ಕೂತವರು ಅಲ್ಲಿಯ ಪಿಗ್ಮಿ ಕಲೆಕ್ಟರೇ. ಈಗ ಪೇಟೆಯಲ್ಲಿ ಅವರನ್ನು ನಿಲ್ಲಿಸಿ ಗೃಹಸಾಲದ ಬಗ್ಗೆ ಕೇಳುತ್ತಾರಂತೆ, ಆ ಕೆಲಸಕ್ಕೆ ಕಮಿಷನ್ ಮಾತ್ರ ಇಲ್ಲ ಅಂತ ಅವರ ದೂರು.